ಖಾಲಿ ಮನೆಗೆ ಎರಡು ಅರ್ಥ

ಬೆಳಗಿನ ಐದೂವರೆಗೆ ಮಿಯಾಪುರದ ಚೌರಸ್ತಾದಲ್ಲಿ ಇನ್ನೂ ನಸುಗತ್ತಲು. ಮೆಟ್ರೊದ ಕೆಂಪು ಮಾರ್ಗ ಇಲ್ಲಿಂದಲೇ ಶುರು, ಆದರೆ ಮೊದಲ ರೈಲು ಎಲ್.ಬಿ. ನಗರದ ಕಡೆ ಹೊರಡುವ ಮುಂಚೆಯೇ ರಸ್ತೆ ಬದಿಯಲ್ಲಿ ಕಂಪನಿ ಬಸ್ಸುಗಳು ಒಂದರ ಹಿಂದೊಂದು ನಿಲ್ಲುತ್ತವೆ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡವರು, ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದವರು ಹತ್ತುತ್ತಾರೆ. ಒಂದು ಬಸ್ಸು ಬಾಚುಪಲ್ಲಿಗೆ, ಒಂದು ಬೊಲ್ಲಾರಂಗೆ, ಇನ್ನೊಂದು ಮುಂಬೈ ಹೆದ್ದಾರಿ ಹಿಡಿದು ಪಟಾನ್‌ಚೆರು, ಪಾಶಮೈಲಾರಂ ಕಡೆಗೆ. ಅದೇ ಹೆದ್ದಾರಿಯಲ್ಲಿ ಎದುರಿನಿಂದ ಜಹೀರಾಬಾದ್ ದಾಟಿ ಬೀದರದ ಬಸ್ಸುಗಳು ಬರುತ್ತವೆ. ತೆಲುಗು, ದಖನಿ ಉರ್ದು, ಒಡಿಯಾ, ಭೋಜಪುರಿ, ನಡುವೆ ಬೀದರ ಕಡೆಯ ಕನ್ನಡ ಎಲ್ಲವೂ ಒಂದೇ ಬಸ್ಸಿನಲ್ಲಿ ಕೇಳಿಸುತ್ತವೆ. ಹೀಗೆ ಹೋಗುವವರಲ್ಲಿ ದೊಡ್ಡ ಪಾಲು ಔಷಧ ಕಾರ್ಖಾನೆಗಳ ಮೊದಲ ಪಾಳಿಯವರು.

ಆ ಕಾರ್ಖಾನೆಗಳ ಗುಣಮಟ್ಟ ವಿಭಾಗದಲ್ಲಿ ಒಂದು ದೊಡ್ಡ ಕೋಷ್ಟಕ ಇರುತ್ತದೆ. ಎಡಗಡೆ ಮೇಲಿಂದ ಕೆಳಗೆ ಕೆಲಸಗಾರರ ಹೆಸರು, ಮೇಲೆ ಅಡ್ಡಕ್ಕೆ ಕಡ್ಡಾಯ ತರಬೇತಿಗಳ ಹೆಸರು, ನಡುವೆ ಚೌಕಾಬಾರದ ಮನೆಗಳಂತೆ ನೂರಾರು ಮನೆಗಳು. ಯಾರು ಯಾವ ತರಬೇತಿ ಮುಗಿಸಿದ್ದಾರೆ, ಯಾರದು ಅವಧಿ ಮೀರಿದೆ ಎಂಬುದು ಒಂದೇ ನೋಟಕ್ಕೆ ಕಾಣಬೇಕು. ಟ್ರೈನಿಂಗ್ ಮ್ಯಾಟ್ರಿಕ್ಸ್ ಅಂದರೆ ಇದೇ. ಆಸ್ಪತ್ರೆ, ಹೋಟೆಲ್, ಬ್ಯಾಂಕು, ಶಾಲೆಗಳಲ್ಲೂ ಇದರ ಒಂದಲ್ಲ ಒಂದು ರೂಪ ಇದೆ. ನೋಡಿದವರಿಗೆ ಇದು ಹಾಜರಿ ಪುಸ್ತಕದ ಅಕ್ಕನಂತೆ ಕಾಣುತ್ತದೆ, ಹಾಗಾಗಿ ಹಾಜರಿ ಪುಸ್ತಕದಂತೆಯೇ ಒಬ್ಬರು ಕೂತು ಕೈಯಿಂದ ತುಂಬುತ್ತಾರೆ. ತಪ್ಪು ಆರಂಭವಾಗುವುದು ಅಲ್ಲಿಂದಲೇ ಎಂಬುದು ಈ ಲೇಖನದ ವಾದ. ಈ ಕೋಷ್ಟಕವನ್ನು ಬರೆಯಬಾರದು. ಬೇರೆ ನಾಲ್ಕು ಪಟ್ಟಿಗಳನ್ನು ಸರಿಯಾಗಿ ಇಟ್ಟರೆ ಕೋಷ್ಟಕ ತಾನೇ ಹುಟ್ಟಿಕೊಳ್ಳಬೇಕು.

ಕಾನೂನು ಕೇಳುವುದು ಏನು

ಔಷಧ ಕಾರ್ಖಾನೆಗಳಿಗೆ ನಮ್ಮಲ್ಲಿ ಶೆಡ್ಯೂಲ್ ಎಂ ಎಂಬ ನಿಯಮಾವಳಿ ಇದೆ. ಅದರ ಪರಿಷ್ಕೃತ ರೂಪವನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ವರ್ಷಕ್ಕೆ 250 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನ ದೊಡ್ಡ ಕಂಪನಿಗಳಿಗೆ ಮೊದಲು, ಸಣ್ಣ ಮತ್ತು ಮಧ್ಯಮ ಘಟಕಗಳಿಗೆ ಅದಾದ ಮೇಲೆ ಗಡುವು ಕೊಟ್ಟಿತು. ಅದಕ್ಕೆ ಮಾದರಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ತಯಾರಿಕೆಯ ಜಾಗಕ್ಕೂ ಪ್ರಯೋಗಾಲಯಕ್ಕೂ ಕಾಲಿಡುವ ಪ್ರತಿಯೊಬ್ಬರಿಗೂ ಲಿಖಿತ ಕಾರ್ಯಕ್ರಮದಂತೆ ತರಬೇತಿ ಕೊಡಬೇಕು, ದಾಖಲೆ ಇಡಬೇಕು, ತರಬೇತಿಯಿಂದ ಕೆಲಸದಲ್ಲಿ ನಿಜಕ್ಕೂ ಪ್ರಯೋಜನವಾಯಿತೇ ಎಂದು ಆಗಾಗ ಪರೀಕ್ಷಿಸಬೇಕು ಎಂದು ಆ ಮಾರ್ಗಸೂಚಿ ಹೇಳುತ್ತದೆ. ಅದರಲ್ಲಿ ಯಂತ್ರ ರಿಪೇರಿ ಮಾಡುವವರನ್ನೂ ಸ್ವಚ್ಛತಾ ಕೆಲಸದವರನ್ನೂ ಹೆಸರಿಸಿಯೇ ಸೇರಿಸಿದ್ದಾರೆ. ಈ ಮಾತು ಮುಂದೆ ಬೇಕಾಗುತ್ತದೆ.

ಹೈದರಾಬಾದಿನ ಮಾತ್ರೆಗಳು ಅಮೆರಿಕಕ್ಕೂ ಹೋಗುತ್ತವೆ, ಹಾಗಾಗಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ನಿಯಮವೂ ಅನ್ವಯಿಸುತ್ತದೆ. ಒಬ್ಬ ಕೆಲಸಗಾರ ಮಾಡುವ ನಿರ್ದಿಷ್ಟ ಕೆಲಸದಲ್ಲಿ ತರಬೇತಿ ಆಗಿರಬೇಕು, ಅದು ನಿರಂತರವಾಗಿ, ಸಾಕಷ್ಟು ಸಲ ಆಗುತ್ತಿರಬೇಕು ಎಂದು ಅದು ಹೇಳುತ್ತದೆಯೇ ಹೊರತು ವರ್ಷಕ್ಕೊಮ್ಮೆ ಎಂದು ಎಲ್ಲೂ ಹೇಳುವುದಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯೂ ಅರಿವು ಕಾರ್ಯಕ್ರಮಗಳನ್ನು ನಿಯಮಿತ ಅವಧಿಯಲ್ಲಿ ನಡೆಸಿ ಎನ್ನುತ್ತದೆ, ಎಷ್ಟು ತಿಂಗಳಿಗೆ ಎನ್ನುವುದಿಲ್ಲ. ಹನ್ನೆರಡು ತಿಂಗಳ ಲೆಕ್ಕ ಬಹುಪಾಲು ಕಂಪನಿ ತಾನೇ ಹಾಕಿಕೊಂಡ ಲೆಕ್ಕ. ಆದರೆ ಒಮ್ಮೆ ತನ್ನ ಕಾಗದದಲ್ಲಿ ಹನ್ನೆರಡು ತಿಂಗಳು ಎಂದು ಬರೆದುಕೊಂಡ ಮೇಲೆ ತನಿಖೆಗೆ ಬಂದವರು ಅದೇ ಅಳತೆಗೋಲು ಹಿಡಿಯುತ್ತಾರೆ. ಆದ್ದರಿಂದ ‘ಅವಧಿ ಮೀರಿದೆ’ ಎಂಬ ಮಾತಿಗೆ ಅರ್ಥ ಬರಬೇಕಾದರೆ ಅವಧಿ ಎಷ್ಟು, ಯಾರು ನಿಗದಿ ಮಾಡಿದರು ಎಂಬುದು ಮೊದಲು ಒಂದು ಕಡೆ ಬರೆದಿರಬೇಕು.

ಮನೆ ಖಾಲಿ ಇದ್ದರೆ

ಕೈಯಿಂದ ತುಂಬಿದ ಕೋಷ್ಟಕದಲ್ಲಿ ಒಂದು ಮನೆ ಖಾಲಿ ಇದೆ ಎಂದಿಟ್ಟುಕೊಳ್ಳಿ. ಅದು ಏನು ಹೇಳುತ್ತದೆ? ಈ ಕೆಲಸಗಾರನಿಗೆ ಆ ತರಬೇತಿಯ ಅಗತ್ಯವೇ ಇಲ್ಲ ಎನ್ನಬಹುದು, ಬೇಕಿತ್ತು, ಆದರೆ ಆಗಿಲ್ಲ ಎಂದೂ ಹೇಳಬಹುದು. ಒಂದು ಅರ್ಥದಲ್ಲಿ ನಿಶ್ಚಿಂತೆ, ಇನ್ನೊಂದರಲ್ಲಿ ಅಪಾಯ. ಎರಡೂ ನೋಡಲು ಒಂದೇ ಬಿಳಿ. ಕೋಷ್ಟಕ ತುಂಬಿದ ವ್ಯಕ್ತಿಗೆ ವ್ಯತ್ಯಾಸ ಗೊತ್ತಿರುತ್ತದೆ, ಆದರೆ ಅದು ಅವರ ತಲೆಯಲ್ಲಿದೆ, ಕಾಗದದ ಮೇಲಿಲ್ಲ. ಅವರು ಕೆಲಸ ಬಿಟ್ಟ ದಿನ ಅದೂ ಅವರೊಂದಿಗೆ ಹೋಗುತ್ತದೆ.

ಇದಕ್ಕೆ ಸುಲಭದ ಪರಿಹಾರವೆಂದು ಕೆಲವು ಕಡೆ ಎಲ್ಲರಿಗೂ ಎಲ್ಲ ತರಬೇತಿ ಎಂದು ನಿಯಮ ಮಾಡುತ್ತಾರೆ. ಆಗ ಖಾಲಿ ಮನೆಗೆ ಒಂದೇ ಅರ್ಥ ಉಳಿಯುತ್ತದೆ, ನಿಜ. ಆದರೆ ಲೆಕ್ಕಪತ್ರದ ಗುಮಾಸ್ತರಿಗೂ ಯಂತ್ರದ ವಿದ್ಯುತ್ ಬೀಗದ ತರಬೇತಿ ಬಾಕಿ ಎಂದು ಕೆಂಪು ಬಣ್ಣ ಬೀಳುತ್ತದೆ. ಕೋಷ್ಟಕದ ತುಂಬ ಕೆಂಪು ಹರಡಿದರೆ ನೋಡುವವರ ಕಣ್ಣು ಅದಕ್ಕೆ ಒಗ್ಗಿಕೊಳ್ಳುತ್ತದೆ, ನಿಜವಾಗಿ ಹೆದರಬೇಕಾದ ಕೆಂಪು ಆ ಗುಂಪಿನಲ್ಲಿ ಕಳೆದುಹೋಗುತ್ತದೆ.

ಹಾಗಾಗಿ ಕೋಷ್ಟಕದ ಬೇರು ತರಬೇತಿಯ ದಿನಾಂಕದಲ್ಲಿಲ್ಲ, ಯಾವ ಕೆಲಸಕ್ಕೆ ಯಾವ ತರಬೇತಿ ಬೇಕು ಎಂಬ ಪಟ್ಟಿಯಲ್ಲಿದೆ. ಇದನ್ನು ವ್ಯಕ್ತಿಯ ಹೆಸರಿಗೆ ಕಟ್ಟಬಾರದು, ಹುದ್ದೆಗೆ ಕಟ್ಟಬೇಕು. ಪ್ಯಾಕಿಂಗ್ ಆಪರೇಟರ್‌ಗೆ ಇವು, ಫಿಟ್ಟರ್‌ಗೆ ಇವು, ಸ್ವಚ್ಛತಾ ಕೆಲಸದವರಿಗೆ ಇವು ಎಂದು. ಪ್ಯಾಕಿಂಗ್‌ನಿಂದ ಒಬ್ಬರನ್ನು ಪುಡಿ ಬೆರೆಸುವ ವಿಭಾಗಕ್ಕೆ ಕಳಿಸಿದ ದಿನ ಹುದ್ದೆ ಬದಲಿಸಿದರೆ ಸಾಕು, ಹೊಸ ಬಾಕಿಗಳು ತಾವೇ ಮೇಲೆ ಬರುತ್ತವೆ. ಹೆಸರಿಗೆ ಕಟ್ಟಿದ್ದರೆ ಯಾರಾದರೂ ನೆನಪಿಟ್ಟುಕೊಂಡು ಸೇರಿಸಬೇಕಾಗುತ್ತಿತ್ತು.

ನಾಲ್ಕು ಪಟ್ಟಿ, ಒಂದು ಸೂತ್ರ

ಮೊದಲನೆಯದು ಜನರ ಪಟ್ಟಿ: ಟೋಕನ್ ಸಂಖ್ಯೆ, ಹೆಸರು, ಹುದ್ದೆ, ಸೇರಿದ ದಿನ. ಹೆಸರಿನ ಮೇಲೆ ನಂಬಿಕೆ ಇಡಬಾರದು. ತೆಲಂಗಾಣದ ಯಾವ ಪಾಳಿಯಲ್ಲಾದರೂ ಇಬ್ಬರು ಮೂವರು ಶ್ರೀನಿವಾಸರು ಸಿಗುತ್ತಾರೆ, ಮನೆತನದ ಹೆಸರು ಒಬ್ಬರಿಗೆ ಮೊದಲು, ಒಬ್ಬರಿಗೆ ಕೊನೆಗೆ, ಇಂಗ್ಲಿಷಿನಲ್ಲಿ ಬರೆದಾಗ ಕಾಗುಣಿತ ಬೇರೆ. ಟೋಕನ್ ಸಂಖ್ಯೆ ಒಬ್ಬರಿಗೆ ಒಂದೇ. ಎರಡನೆಯದು ತರಬೇತಿಗಳ ಪಟ್ಟಿ, ಒಂದೊಂದರ ಅವಧಿ ಎಷ್ಟು ತಿಂಗಳು ಎಂಬುದರ ಸಮೇತ. ಮೂರನೆಯದು ಮೇಲೆ ಹೇಳಿದ ಅಗತ್ಯದ ಪಟ್ಟಿ. ನಾಲ್ಕನೆಯದು ದಿನಚರಿ. ತರಬೇತಿ ನಡೆದಾಗಲೆಲ್ಲ ಒಬ್ಬೊಬ್ಬರಿಗೂ ಒಂದು ಸಾಲು: ಟೋಕನ್, ತರಬೇತಿಯ ಸಂಕೇತ, ದಿನಾಂಕ, ಫಲಿತಾಂಶ. ದಿನಚರಿಗೆ ಸಾಲು ಸೇರಿಸಬಹುದು, ಹಳೆಯ ಸಾಲನ್ನು ಅಳಿಸಬಾರದು.

ಈ ನಾಲ್ಕನ್ನು ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಇಟ್ಟುಕೊಂಡರೆ ಕೋಷ್ಟಕದ ಪ್ರತಿ ಮನೆಗೂ ಒಂದೇ ಸೂತ್ರ ಸಾಕು. ದಿನಚರಿಯ ಹಾಳೆಗೆ Log, ಅಗತ್ಯದ ಹಾಳೆಗೆ Need ಎಂದು ಹೆಸರಿಡೋಣ. ಕೋಷ್ಟಕದಲ್ಲಿ A ಕಂಬಸಾಲು ಟೋಕನ್, C ಹುದ್ದೆ. D ಯಿಂದ ಮುಂದೆ ಒಂದೊಂದು ತರಬೇತಿ, ಮೊದಲ ಸಾಲಿನಲ್ಲಿ ಅದರ ಸಂಕೇತ, ಎರಡನೆಯದರಲ್ಲಿ ಅವಧಿಯ ತಿಂಗಳು. ಎರಡನೆಯ ಪಟ್ಟಿಯೇ ಇಲ್ಲಿ ಅಡ್ಡ ಮಲಗಿದೆ ಎಂದುಕೊಳ್ಳಿ.

```
=LET(last, MAXIFS(Log!$C:$C, Log!$A:$A,$A3,
     Log!$B:$B,D$1, Log!$D:$D,"Pass"),
 IF(COUNTIFS(Need!$A:$A,$C3, Need!$B:$B,D$1)=0, "-",
 IF(last=0, "NOT DONE",
 IF(EDATE(last,D$2)<TODAY(), "OVERDUE", "OK"))))
```

ಇದು ಮಾಡುವುದು ಇಷ್ಟು. ದಿನಚರಿಯಲ್ಲಿ ಈ ಟೋಕನ್‌ನವರು ಈ ತರಬೇತಿಯಲ್ಲಿ ಪಾಸಾದ ಕೊನೆಯ ದಿನಾಂಕವನ್ನು ಹುಡುಕುತ್ತದೆ. ಅವರ ಹುದ್ದೆಗೆ ಈ ತರಬೇತಿ ಬೇಡವಾದರೆ ಒಂದು ಗೀಟು ಹಾಕುತ್ತದೆ. ಬೇಕಾಗಿದ್ದು ದಿನಾಂಕವೇ ಸಿಗದಿದ್ದರೆ ಆಗಿಲ್ಲ ಎಂದೂ, ಸಿಕ್ಕ ದಿನಾಂಕಕ್ಕೆ ಅವಧಿ ಸೇರಿಸಿದಾಗ ಬರುವ ಗಡುವು ಇಂದಿಗೆ ಮುಂಚೆಯೇ ಮುಗಿದಿದ್ದರೆ ಅವಧಿ ಮೀರಿದೆ ಎಂದೂ ಬರೆಯುತ್ತದೆ. ಯಾವ ಮನೆಯೂ ಖಾಲಿ ಉಳಿಯುವುದಿಲ್ಲ. ನಡುವಿನ `last=0` ಎಂಬ ಸಾಲನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ದಿನಾಂಕ ಸಿಗದಾಗ ಸೂತ್ರ ಸೊನ್ನೆ ಕೊಡುತ್ತದೆ, ಎಕ್ಸೆಲ್ ಸೊನ್ನೆಯನ್ನು 1900ರ ಆರಂಭ ಎಂದು ಓದುತ್ತದೆ, ನಿನ್ನೆ ಸೇರಿದ ಹುಡುಗನ ತರಬೇತಿ ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬಾಕಿ ಎಂಬ ಲೆಕ್ಕದಲ್ಲಿ OVERDUE ಎಂದು ತೋರಿಸುತ್ತದೆ.

ಔಷಧ ಕಾರ್ಖಾನೆಗೆ ಇನ್ನೊಂದು ತೊಡಕಿದೆ. ಪ್ರತಿ ಕೆಲಸಕ್ಕೂ ಎಸ್‌ಒಪಿ ಎಂಬ ಲಿಖಿತ ವಿಧಾನ ಇರುತ್ತದೆ, ಅದು ಆಗಾಗ ಪರಿಷ್ಕರಣೆಯಾಗುತ್ತದೆ. ಎರಡನೇ ಆವೃತ್ತಿ ಕಲಿತವರ ಹನ್ನೆರಡು ತಿಂಗಳು ಇನ್ನೂ ಮುಗಿದಿಲ್ಲ, ಅಷ್ಟರಲ್ಲಿ ಮೂರನೇ ಆವೃತ್ತಿ ಜಾರಿಗೆ ಬರುತ್ತದೆ. ದಿನಾಂಕದ ಲೆಕ್ಕದಲ್ಲಿ ಅವರು ಸರಿ, ಕೆಲಸದ ಲೆಕ್ಕದಲ್ಲಿ ಹಳೆಯ ವಿಧಾನ ಕಲಿತವರು. ಆವೃತ್ತಿಯ ಸಂಖ್ಯೆಯನ್ನು ತರಬೇತಿಯ ಸಂಕೇತದೊಳಗೇ ಸೇರಿಸುವುದು ಇದಕ್ಕೆ ನೇರವಾದ ಉಪಾಯ. ಹೊಸ ಆವೃತ್ತಿ ಬಂತೆಂದರೆ ಹೊಸ ಸಂಕೇತ, ಅದು ತರಬೇತಿಗಳ ಪಟ್ಟಿಗೂ ಅಗತ್ಯದ ಪಟ್ಟಿಗೂ ಸೇರಿದ ಕ್ಷಣದಲ್ಲಿ ಸಂಬಂಧಪಟ್ಟ ಎಲ್ಲರ ಮನೆಯೂ ಆಗಿಲ್ಲ ಎಂದು ತಿರುಗುತ್ತದೆ. ಅದಕ್ಕಾಗಿಯೇ ಎಸ್‌ಒಪಿಗೆ ಸಹಿ ಬಿದ್ದ ದಿನಕ್ಕೂ ಜಾರಿಯ ದಿನಕ್ಕೂ ನಡುವೆ ಕೆಲವು ದಿನಗಳ ಬಿಡುವು ಇಡುತ್ತಾರೆ. ಆ ಬಿಡುವಿನಲ್ಲಿ ಮೂರೂ ಪಾಳಿಯವರಿಗೆ ಕಲಿಸಿ ಮುಗಿಸಬೇಕು.

ತೊಂಬತ್ತೈದು ಎಪ್ಪತ್ತೆಂಟಾದ ಬಗೆ

ಲೆಕ್ಕ ತಿಳಿಯಲೆಂದು ಮಾತ್ರೆ ಪ್ಯಾಕ್ ಮಾಡುವ ಒಂದು ವಿಭಾಗವನ್ನು ಕಲ್ಪಿಸಿಕೊಳ್ಳೋಣ. ಹತ್ತು ಆಪರೇಟರ್‌ಗಳು, ನಾಲ್ವರು ಫಿಟ್ಟರ್‌ಗಳು, ಮೂವರು ಸೂಪರ್‌ವೈಸರ್‌ಗಳು, ಗುಣಮಟ್ಟ ವಿಭಾಗದವರು ಒಬ್ಬರು, ಜೊತೆಗೆ ಗುತ್ತಿಗೆದಾರನ ಮೂಲಕ ಬಂದ ಆರು ಸ್ವಚ್ಛತಾ ಕೆಲಸದವರು. ಒಟ್ಟು 24 ಜನ. ತರಬೇತಿ ಐದು. ಉತ್ತಮ ತಯಾರಿಕಾ ಪದ್ಧತಿ, ಬೆಂಕಿ ಬಿದ್ದಾಗ ಹೊರಬರುವುದು, ಲೈಂಗಿಕ ಕಿರುಕುಳ ತಡೆ ಈ ಮೂರು ಎಲ್ಲರಿಗೂ ಬೇಕು. ಪ್ಯಾಕಿಂಗ್ ಲೈನ್ ಸ್ವಚ್ಛಗೊಳಿಸುವ ವಿಧಾನ ಫಿಟ್ಟರ್‌ಗಳನ್ನು ಬಿಟ್ಟು ಉಳಿದ 20 ಜನಕ್ಕೆ ಬೇಕು. ರಿಪೇರಿಗೆ ಮುಂಚೆ ಯಂತ್ರದ ವಿದ್ಯುತ್ ಕಡಿದು ಬೀಗ ಹಾಕುವ ವಿಧಾನ, ಅಂದರೆ ಲಾಕ್‌ಔಟ್, ಫಿಟ್ಟರ್ ಮತ್ತು ಸೂಪರ್‌ವೈಸರ್ ಸೇರಿ ಏಳು ಜನಕ್ಕೆ. ಕೋಷ್ಟಕದಲ್ಲಿ 120 ಮನೆಗಳಿದ್ದರೂ ನಿಜವಾಗಿ ಬೇಕಾದವು 99. ಉಳಿದ 21 ಮನೆಗೆ ಗೀಟು.

ಮೊದಲ ಕರಡನ್ನು ಮಾನವ ಸಂಪನ್ಮೂಲ ವಿಭಾಗ ಸಂಬಳದ ಪಟ್ಟಿಯಿಂದ ಮಾಡಿತು ಎಂದುಕೊಳ್ಳಿ. ಸಂಬಳದ ಪಟ್ಟಿಯಲ್ಲಿ ಗುತ್ತಿಗೆಯವರು ಇರುವುದಿಲ್ಲ. ಆರು ಜನ ಬಿಟ್ಟುಹೋದರು, ಬೇಕಾದ ಮನೆಗಳು 75ಕ್ಕೆ ಇಳಿದವು. ಅದರಲ್ಲಿ 71 ಮುಗಿದಿವೆ, ಸುಮಾರು ನೂರಕ್ಕೆ 95. ತಿಂಗಳ ವರದಿಯಲ್ಲಿ ಇದಕ್ಕೆ ಹಸಿರು ಬಣ್ಣ ಬೀಳುತ್ತದೆ. ಆದರೆ ಬಾಕಿ ಉಳಿದ ಆ ನಾಲ್ಕು ಮನೆ ಯಾವುವು ಎಂದು ನೋಡಿ. ನಾಲ್ಕೂ ಒಂದೇ ಕಂಬಸಾಲಿನಲ್ಲಿವೆ, ಲಾಕ್‌ಔಟ್ ಸಾಲಿನಲ್ಲಿ, ನಾಲ್ವರು ಫಿಟ್ಟರ್‌ಗಳದ್ದೇ. ತರಬೇತಿಯ ದಿನ ಯಂತ್ರ ಕೆಟ್ಟಿತ್ತು, ನಾಲ್ವರೂ ಅದರ ಮುಂದೆ ನಿಂತಿದ್ದರು. ಆ ವಿಭಾಗದಲ್ಲಿ ಯಂತ್ರದೊಳಗೆ ಕೈ ಹಾಕುವವರು ಈ ನಾಲ್ವರೇ, ಅವರಲ್ಲಿ ಒಬ್ಬರಿಗೂ ಬೀಗ ಹಾಕುವ ತರಬೇತಿ ಚಾಲ್ತಿಯಲ್ಲಿಲ್ಲ. ತೊಂಬತ್ತೈದು ಎಂಬ ಅಂಕಿ ಸುಳ್ಳಲ್ಲ, ಆದರೆ ಅಪಾಯ ಎಲ್ಲಿ ಗುಂಪುಗೂಡಿದೆ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೇ ಅಡ್ಡಸಾಲಿನ ಮೊತ್ತದ ಜೊತೆ ಕಂಬಸಾಲಿನ ಮೊತ್ತವನ್ನೂ ಹುದ್ದೆವಾರು ನೋಡಬೇಕು. ಒಬ್ಬರಿಗೆ ನಾಲ್ಕು ಬಾಕಿ ಇರುವುದು ಒಂದು ಬಗೆಯ ತೊಂದರೆ, ನಾಲ್ವರಿಗೆ ಒಂದೇ ಬಾಕಿ ಇರುವುದು ಬೇರೆಯೇ ಬಗೆ.

ಈಗ ಗುತ್ತಿಗೆಯ ಆರು ಜನರನ್ನು ಸೇರಿಸಿ. ಅವರಿಗೆ ಬೇಕಾದವು 24 ಮನೆ. ಬೆಂಕಿಯ ತರಬೇತಿ ಆರೂ ಜನಕ್ಕೆ ಆಗಿದೆ, ಉಳಿದ ಮೂರರ ದಾಖಲೆ ಇಲ್ಲ. ಒಟ್ಟು ಲೆಕ್ಕ 99ರಲ್ಲಿ 77, ಅಂದರೆ ನೂರಕ್ಕೆ 78. ಇದರಲ್ಲಿ ಅತ್ಯಂತ ಚಿಂತೆಯ ಮನೆಗಳು ಲೈನ್ ಸ್ವಚ್ಛಗೊಳಿಸುವ ವಿಧಾನದವು. ಆ ಕೆಲಸವನ್ನು ದಿನವೂ ಮಾಡುವವರು ಈ ಆರು ಜನ, ಅದರ ತರಬೇತಿಯ ದಾಖಲೆ ಇಲ್ಲದವರೂ ಇವರೇ. ಒಂದು ಔಷಧದ ಪ್ಯಾಕಿಂಗ್ ಮುಗಿಸಿ ಮತ್ತೊಂದಕ್ಕೆ ಹೋಗುವ ನಡುವೆ ಯಂತ್ರದ ಸಂದಿಯಲ್ಲಿ ಒಂದು ಹಳೆಯ ಮಾತ್ರೆ ಉಳಿದರೂ ಅದು ಬೇರೆ ಔಷಧದ ಸ್ಟ್ರಿಪ್‌ನೊಳಗೆ ಸೇರಿ ಯಾರದೋ ಮನೆಗೆ ಹೋಗುತ್ತದೆ. ಮಾರ್ಗಸೂಚಿ ಸ್ವಚ್ಛತಾ ಕೆಲಸದವರನ್ನು ಹೆಸರಿಸಿದ್ದು ಸುಮ್ಮನಲ್ಲ. 2013ರ ಕಾಯ್ದೆಯೂ ಗುತ್ತಿಗೆಯವರನ್ನು, ಏಜೆಂಟರ ಮೂಲಕ ಬಂದವರನ್ನು ಉದ್ಯೋಗಿಗಳೆಂದೇ ಎಣಿಸುತ್ತದೆ.

ಮಿಯಾಪುರದಿಂದ ಅದೇ ಹೆದ್ದಾರಿಯಲ್ಲಿ ಮುಂದೆ ಪಾಶಮೈಲಾರಂನಲ್ಲಿ 2025ರ ಜೂನ್ 30ರಂದು ಸಿಗಾಚಿ ಕಾರ್ಖಾನೆಯಲ್ಲಿ ಸ್ಫೋಟವಾಗಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಹೊರರಾಜ್ಯಗಳಿಂದ ಬಂದ ಕೂಲಿಗಳು. ಸತ್ತವರು ಯಾರು, ಕಾಣೆಯಾದವರು ಯಾರು ಎಂಬುದು ಗೊತ್ತಾಗಲು ದಿನಗಳು ಹಿಡಿದವು, ಡಿಎನ್‌ಎ ಪರೀಕ್ಷೆಯ ಮೊರೆ ಹೋಗಬೇಕಾಯಿತು. ಆ ದುರಂತಕ್ಕೆ ಕಾರಣ ಹುಡುಕುವ ಕೆಲಸ ಈ ಲೇಖನದ್ದಲ್ಲ. ಆದರೆ ಗೇಟಿನೊಳಗೆ ಹೋಗುವ ಪ್ರತಿ ಮನುಷ್ಯನೂ ಯಾವುದಾದರೂ ಪಟ್ಟಿಯಲ್ಲಿ ಇರಲೇಬೇಕು ಎಂಬುದನ್ನು ಈ ಪ್ರದೇಶದವರಿಗೆ ಬೇರೆ ಯಾರೂ ವಿವರಿಸಬೇಕಿಲ್ಲ. ತರಬೇತಿ ಕೋಷ್ಟಕದ ಜನರ ಪಟ್ಟಿಯನ್ನು ಸಂಬಳದ ಪುಸ್ತಕದಿಂದ ತೆಗೆಯಬಾರದು, ಗೇಟಿನ ದಾಖಲೆಯಿಂದ ತೆಗೆಯಬೇಕು.

ದಿನಾಂಕ ಕೈಕೊಡುವ ಜಾಗಗಳು

ಸೂತ್ರ ಸರಿ ಇದ್ದೂ ಉತ್ತರ ತಪ್ಪಾಗುವುದಕ್ಕೆ ಸಾಮಾನ್ಯ ಕಾರಣ ದಿನಾಂಕ. ಕಂಪ್ಯೂಟರ್ ಅಮೆರಿಕದ ಪದ್ಧತಿಗೆ ಹೊಂದಿಸಿದ್ದರೆ ಅದು ತಿಂಗಳನ್ನು ಮೊದಲು ಓದುತ್ತದೆ. ಏಪ್ರಿಲ್ 5 ಎಂದು 05/04/2025 ಒತ್ತಿದರೆ ಅದು ಮೇ 4 ಆಗಿ ಕೂರುತ್ತದೆ, ಕೆಲಸಗಾರನಿಗೆ ಸುಮ್ಮನೆ ಒಂದು ತಿಂಗಳು ಹೆಚ್ಚು ಸಿಗುತ್ತದೆ. 13/04/2025 ಎಂದು ಒತ್ತಿದರೆ ಹದಿಮೂರನೇ ತಿಂಗಳು ಇಲ್ಲದ್ದರಿಂದ ಅದು ದಿನಾಂಕವೇ ಆಗದೆ ಬರೀ ಅಕ್ಷರವಾಗಿ ಉಳಿಯುತ್ತದೆ, ಸೂತ್ರ ಅದನ್ನು ಕಾಣುವುದೇ ಇಲ್ಲ, ತರಬೇತಿ ಮುಗಿಸಿದವರೂ ಆಗಿಲ್ಲದವರ ಸಾಲಿಗೆ ಸೇರುತ್ತಾರೆ. ಎರಡನೆಯ ತಪ್ಪು ಕಣ್ಣಿಗೆ ಬೀಳುತ್ತದೆ: ನಿಜವಾದ ದಿನಾಂಕ ಮನೆಯ ಬಲಗೋಡೆಗೆ ಒರಗುತ್ತದೆ, ಅಕ್ಷರ ಎಡಗೋಡೆಗೆ. ಮೊದಲನೆಯದು ಯಾರಿಗೂ ಕಾಣದೆ ಉಳಿಯುವುದರಿಂದ ಅದೇ ಹೆಚ್ಚು ಕೆಟ್ಟದ್ದು. 2025-04-05 ಎಂದು ವರ್ಷವನ್ನು ಮೊದಲು ಬರೆಯುವ ಅಭ್ಯಾಸ ಮಾಡಿಕೊಂಡರೆ ಎರಡೂ ತಪ್ಪುತ್ತವೆ.

ಮುಂದಿನ ಅವಧಿಯನ್ನು ಎಲ್ಲಿಂದ ಎಣಿಸಬೇಕು ಎಂಬುದು ಇನ್ನೊಂದು. ಒಬ್ಬ ಆಪರೇಟರ್‌ನ ಅವಧಿ ಜೂನ್ 12ಕ್ಕೆ ಮುಗಿಯುತ್ತದೆ. ಅವರು ಮುತುವರ್ಜಿಯಿಂದ ಮೇ 20ಕ್ಕೇ ತರಬೇತಿ ಮುಗಿಸಿದರೆ ಮೇಲಿನ ಸೂತ್ರ ಮುಂದಿನ ವರ್ಷದ ಮೇ 20ನ್ನೇ ಗಡುವು ಮಾಡುತ್ತದೆ, ಬೇಗ ಬಂದವರಿಗೆ ಮೂರು ವಾರ ನಷ್ಟ. ಇದು ಗೊತ್ತಾದ ವಿಭಾಗಗಳಲ್ಲಿ ಎಲ್ಲರೂ ಕೊನೆಯ ವಾರಕ್ಕೆ ಕಾಯುತ್ತಾರೆ, ಕೊನೆಯ ವಾರ ಯಂತ್ರ ಕೆಡುತ್ತದೆ, ಗುಂಪಿಗೆ ಗುಂಪೇ ಅವಧಿ ಮೀರುತ್ತದೆ. ವಾಹನ ವಿಮೆಯಲ್ಲಿ ಮುಂಚೆ ನವೀಕರಿಸಿದರೂ ಹೊಸ ಅವಧಿ ಹಳೆಯದು ಮುಗಿದ ಮೇಲೆಯೇ ಶುರುವಾಗುತ್ತದಲ್ಲ, ಹಾಗೆಯೇ ಗಡುವಿನ ಹಿಂದಿನ 30 ದಿನದೊಳಗೆ ಬಂದವರಿಗೆ ಹಳೆಯ ತಾರೀಖನ್ನೇ ಉಳಿಸಿಕೊಡುವುದು ನ್ಯಾಯ. ಅದಕ್ಕೆ ದಿನಚರಿಯಲ್ಲಿ ‘ಎಂದಿನಿಂದ ಎಣಿಕೆ’ ಎಂಬ ಇನ್ನೊಂದು ಕಂಬಸಾಲು ಸೇರಿಸಬೇಕಾಗುತ್ತದೆ.

ಅಂದು ಏನಿತ್ತು?

ಕೈಯಿಂದ ತುಂಬುವ ಕೋಷ್ಟಕದ ವಿರುದ್ಧ ಅತಿ ಬಲವಾದ ಸಾಕ್ಷ್ಯ ತನಿಖೆಯ ಮೇಜಿನ ಮೇಲೆ ಸಿಗುತ್ತದೆ. ಔಷಧ ತಪಾಸಕರು ಸಾಮಾನ್ಯವಾಗಿ ಇಂದಿನ ಕೋಷ್ಟಕ ನೋಡಿ ಸುಮ್ಮನಾಗುವುದಿಲ್ಲ. ಯಾವುದೋ ಹಳೆಯ ಬ್ಯಾಚಿನ ದಾಖಲೆ ತೆಗೆದು, ಅದರ ಮೇಲಿನ ಒಂದು ಸಹಿಗೆ ಬೆರಳಿಟ್ಟು, ಇವರು ಆ ದಿನ ಈ ಕೆಲಸಕ್ಕೆ ತರಬೇತಿ ಪಡೆದಿದ್ದರೇ ಎಂದು ಕೇಳುತ್ತಾರೆ. ಹಳೆಯ ದಿನಾಂಕದ ಮೇಲೆ ಹೊಸದನ್ನು ಬರೆಯುತ್ತ ಬಂದ ಕೋಷ್ಟಕದಲ್ಲಿ ಇದಕ್ಕೆ ಉತ್ತರ ಇಲ್ಲ. ಮಾರ್ಚ್ 14ರಂದು ಅವಧಿ ಮೀರಿದ್ದು ಏಪ್ರಿಲ್‌ನಲ್ಲಿ ತರಬೇತಿಯಾದಾಗ ಹಸಿರಾಗಿ, ಆ ಒಂದು ತಿಂಗಳ ಬಿರುಕು ಕಾಗದದಿಂದ ಮಾಯವಾಗಿರುತ್ತದೆ. ಒಂದೊಂದೇ ಹಾಜರಿ ಹಾಳೆ ಹುಡುಕಬೇಕು.

ದಿನಚರಿ ಇದ್ದರೆ ಅದೇ ಸೂತ್ರದಲ್ಲಿ `TODAY()` ಇದ್ದ ಕಡೆ ಒಂದು ಮನೆಯ ವಿಳಾಸ, ಉದಾಹರಣೆಗೆ `$A$1` ಇಟ್ಟು, ಕೊನೆಯ ದಿನಾಂಕ ಹುಡುಕುವ ಭಾಗಕ್ಕೆ ಇನ್ನೊಂದು ಷರತ್ತು ಸೇರಿಸಿದರೆ ಸಾಕು:

```
Log!$C:$C, "<="&$A$1
```

A1 ರಲ್ಲಿ ಮಾರ್ಚ್ 14 ಎಂದು ಬರೆದರೆ ಇಡೀ ಕೋಷ್ಟಕ ಆ ದಿನಕ್ಕೆ ಹಿಂದೆ ಸರಿಯುತ್ತದೆ. ಇದಕ್ಕೂ ಒಂದು ಮಿತಿ ಇದೆ. ಜನರ ಹುದ್ದೆಯೂ ಅಗತ್ಯದ ಪಟ್ಟಿಯೂ ಕಾಲಕಾಲಕ್ಕೆ ಬದಲಾಗಿರುತ್ತವೆ. ಅವುಗಳಿಗೂ ಎಂದಿನಿಂದ ಎಂದಿನವರೆಗೆ ಎಂಬ ಎರಡು ದಿನಾಂಕ ಇಡದಿದ್ದರೆ ಅಂದಿನ ದಿನಾಂಕವನ್ನು ಇಂದಿನ ಹುದ್ದೆಯ ಮೇಲೆ ಹೊದಿಸಿದಂತಾಗುತ್ತದೆ.

ಹಾಜರಿ ಬೇರೆ, ಕಲಿಕೆ ಬೇರೆ

ಇಷ್ಟಕ್ಕೂ ಇದು ಕಾಗದದ ಕೆಲಸ, ಬೆಂಕಿ ಬಿದ್ದಾಗ ಕೋಷ್ಟಕ ಬಂದು ಆರಿಸುವುದಿಲ್ಲ ಎಂಬ ಆಕ್ಷೇಪ ಇದೆ. ಅದರಲ್ಲಿ ಸತ್ಯ ಇದೆ. ತೆಲುಗಿನಲ್ಲಿ ನಡೆದ ತರಬೇತಿಯಲ್ಲಿ ಒಡಿಯಾ ಮಾತ್ರ ಬಲ್ಲ ಹುಡುಗ ಒಂದು ಗಂಟೆ ಕೂತು ಸಹಿ ಹಾಕಿ ಬಂದರೆ ಕೋಷ್ಟಕ ಅವನನ್ನು ಕಲಿತವನೆಂದೇ ತೋರಿಸುತ್ತದೆ. ಸೂತ್ರದಲ್ಲಿ ಹಾಜರಿಯನ್ನು ಲೆಕ್ಕಕ್ಕೆ ಹಿಡಿಯದೆ Pass ಎಂಬುದನ್ನು ಮಾತ್ರ ಹಿಡಿದಿರುವುದು ಈ ಕಾರಣಕ್ಕೆ. ಪಾಸು ಎಂದರೆ ಬರೆಯುವ ಪರೀಕ್ಷೆಯೇ ಆಗಬೇಕಿಲ್ಲ. ಅಕ್ಷರ ಬಾರದವರಿಗೆ ಅವರ ಭಾಷೆಯಲ್ಲಿ ಕೇಳಿ ಮಾಡಿಸಿ ನೋಡುವುದು ಹೆಚ್ಚು ನಂಬಲರ್ಹ. ದಿನಚರಿಯಲ್ಲಿ ಯಾವ ಭಾಷೆಯಲ್ಲಿ ಕಲಿಸಿದರು ಎಂಬ ಕಂಬಸಾಲು ಒಂದಿದ್ದರೆ, ಯಾರ ಪಾಸು ಮತ್ತೊಮ್ಮೆ ಪರೀಕ್ಷಿಸಬೇಕಾದದ್ದು ಎಂಬುದು ತಿಳಿಯುತ್ತದೆ. ಅದಕ್ಕಿಂತ ಮುಂದೆ ಕೋಷ್ಟಕ ಹೋಗಲಾರದು. ಯಾರು ಕಲಿತಿಲ್ಲ ಎಂಬುದನ್ನು ಅದು ಖಚಿತವಾಗಿ ಹೇಳಬಲ್ಲದು. ಯಾರು ಕಲಿತಿದ್ದಾರೆ ಎಂಬುದು ಕೆಲಸದ ಜಾಗದಲ್ಲೇ ಕಾಣಬೇಕು.

ಸುಳ್ಳು ಸಹಿಯನ್ನು ಮಾತ್ರ ಹಿಡಿಯಬಹುದು. ತನಿಖೆ ಹತ್ತಿರ ಬಂದಾಗ ಹಳೆಯ ಹಾಜರಿ ಹಾಳೆಗೆ ಸಹಿ ಸೇರಿಸುವ ಚಾಳಿ ಹಲವು ಉದ್ಯಮಗಳಲ್ಲಿ ಇದೆ. ದಿನಚರಿಯ ಪ್ರತಿ ಸಾಲನ್ನು ಗೇಟಿನ ಪಂಚಿಂಗ್ ದಾಖಲೆಯ ಪಕ್ಕ ಇಟ್ಟು ನೋಡಿದರೆ ರಜೆಯಲ್ಲಿದ್ದವರು, ಆ ಹೊತ್ತಿಗೆ ಪಾಳಿ ಮುಗಿಸಿ ಮನೆಗೆ ಹೋದವರು ತರಬೇತಿಯಲ್ಲಿ ಕೂತಿದ್ದಂತೆ ಕಾಣುತ್ತದೆ. ಯಂತ್ರ ನಡೆಸಿದ ಹೊತ್ತಿನ ಸಹಿಯೂ ತರಬೇತಿಯ ಸಹಿಯೂ ಒಂದೇ ಗಂಟೆಯೊಳಗೆ ಬಿದ್ದಿದ್ದರೆ ಎರಡರಲ್ಲಿ ಒಂದು ನಿಜವಲ್ಲ.

ದೊಡ್ಡ ಕಂಪನಿಗಳಲ್ಲಿ ಇದನ್ನೆಲ್ಲ ಮಾಡುವ ತಂತ್ರಾಂಶ ಇದೆಯಲ್ಲ, ಹಾಳೆ ಸೂತ್ರ ಯಾಕೆ ಎಂದೂ ಕೇಳುತ್ತಾರೆ. ಇದೆ, ಯಾರು ಯಾವಾಗ ಬದಲಿಸಿದರು ಎಂಬ ಜಾಡು ಹಿಡಿಯುವುದರಲ್ಲಿ ಅದು ಬಿಡಿ ಹಾಳೆಗಿಂತ ಖಂಡಿತ ಮೇಲು. ಆದರೆ ಅದರ ಒಳಗೂ ಇವೇ ನಾಲ್ಕು ಪಟ್ಟಿ. ಹುದ್ದೆಗೆ ತಪ್ಪು ತರಬೇತಿ ಕಟ್ಟಿದ್ದರೆ, ಗುತ್ತಿಗೆಯವರಿಗೆ ಲಾಗಿನ್ ಕೊಡದೆ ಬಿಟ್ಟಿದ್ದರೆ ದುಬಾರಿ ತಂತ್ರಾಂಶವೂ ಅದೇ ತೊಂಬತ್ತೈದನ್ನು ತೋರಿಸುತ್ತದೆ.

ಸೋಮವಾರದ ಪಟ್ಟಿ

ಕೊನೆಗೆ ಈ ಕೋಷ್ಟಕದಿಂದ ಹೊರಬರಬೇಕಾದದ್ದು ಒಂದು ಚಿಕ್ಕ ಚೀಟಿ. ಯಾರ ಯಾವ ತರಬೇತಿ ಎಷ್ಟು ದಿನ ಮೀರಿದೆ, ಮುಂದಿನ 30 ದಿನದಲ್ಲಿ ಯಾರದು ಮುಗಿಯುತ್ತದೆ, ಇಷ್ಟೇ. ಅದು ಹೋಗಬೇಕಾದದ್ದು ಪಾಳಿಯ ಸೂಪರ್‌ವೈಸರ್ ಕೈಗೆ, ಯಾಕೆಂದರೆ ಜನರನ್ನು ಯಂತ್ರದ ಮುಂದಿನಿಂದ ಬಿಡಿಸಿ ಕಳಿಸುವ ಅಧಿಕಾರ ಇರುವುದು ಅವರಿಗೆ. ಮೇಲಿನ ಲೆಕ್ಕದ ನಾಲ್ವರು ಫಿಟ್ಟರ್‌ಗಳನ್ನು ಒಟ್ಟಿಗೆ ಕಳಿಸಿದರೆ ವಿಭಾಗ ನಿಲ್ಲುತ್ತದೆ. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವಾಗ ಹಳಬರೂ ಹೊಸಬರೂ ಅರ್ಧ ಗಂಟೆ ಒಟ್ಟಿಗೆ ಇರುತ್ತಾರೆ, ಆಗ ಇಬ್ಬರಂತೆ ಎರಡು ದಿನ ಕೂರಿಸಿದರೆ ಮುಗಿಯುತ್ತದೆ. ಅಲ್ಲಿಯವರೆಗೆ ಏನು ಎಂಬುದಕ್ಕೂ ಒಂದು ನಿಯಮ ಬೇಕು, ಇಲ್ಲದಿದ್ದರೆ ‘ಅವಧಿ ಮೀರಿದೆ’ ಎಂಬುದು ಬರೀ ಬಣ್ಣ. ವಿದ್ಯುತ್ ಫಲಕದ ಪಕ್ಕದ ಹಲಗೆಯಲ್ಲಿ ಲಾಕ್‌ಔಟ್‌ನ ಕೆಂಪು ಬೀಗಗಳು ಸಾಲಾಗಿ ನೇತಾಡುತ್ತವೆ, ಒಂದೊಂದಕ್ಕೂ ಒಬ್ಬೊಬ್ಬ ಫಿಟ್ಟರ್‌ನ ಹೆಸರಿನ ಬಿಲ್ಲೆ. ಕೋಷ್ಟಕದಲ್ಲಿ ಅವರ ಮನೆ OVERDUE ಎಂದು ತಿರುಗಿದ ಬೆಳಿಗ್ಗೆ ಆ ಬಿಲ್ಲೆಯನ್ನು ಹಲಗೆಯಿಂದ ಇಳಿಸಿ ಸೂಪರ್‌ವೈಸರ್ ಮೇಜಿನ ಖಾನೆಯೊಳಗೆ ಇಡಬೇಕು, ತರಬೇತಿ ಮುಗಿದ ಸಾಲು ದಿನಚರಿಗೆ ಸೇರಿದ ಮೇಲೆ ತಿರುಗಿ ನೇತುಹಾಕಬೇಕು. ಪಕ್ಕದ ವಿಭಾಗದಿಂದ ತರಬೇತಿ ಚಾಲ್ತಿಯಲ್ಲಿರುವ ಫಿಟ್ಟರ್ ಬರುವವರೆಗೆ ಯಂತ್ರ ಕೆಟ್ಟರೆ ಕೆಟ್ಟ ಹಾಗೆಯೇ ನಿಂತಿರುತ್ತದೆ.